ರೊಟ್ಟಿ ಯಾಕ ಸೀಳಿತು: ಬೈಗುಳ ಬಂದ ಮೇಲಿನ ಎರಡನೇ ವಿಡಿಯೋ

ಕಲಬುರಗಿಯ ಒಂದು ಅಡುಗೆ ಚಾನೆಲ್ ಎಂದು ಇಟ್ಟುಕೊಳ್ಳೋಣ. ಏಳು ನಿಮಿಷದ ವಿಡಿಯೋ, ಜೋಳದ ರೊಟ್ಟಿ. ಪರಾತಕ್ಕೆ ಹಿಟ್ಟು ಸುರಿಯುವಲ್ಲಿಂದ ಹಂಚಿನ ಮೇಲೆ ರೊಟ್ಟಿ ಉಬ್ಬುವ ತನಕ ಎಲ್ಲ ಇದೆ. 2:10ಕ್ಕೆ ಅಕ್ಕ "ಈಗ ಬಿಸಿ ನೀರು ಹಾಕ್ರಿ" ಎನ್ನುತ್ತಾರೆ. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿದೆ, ಆದರೆ ಕ್ಯಾಮೆರಾ ಆ ಹೊತ್ತಿಗೆ ಹಿಟ್ಟಿನ ಮೇಲಿದೆ. ರೊಟ್ಟಿ ಬಡಿಯುವುದನ್ನು ನೋಡುತ್ತಲೇ ಬೆಳೆದವರಿಗೆ ಇಲ್ಲಿ ಬಿಸಿ ನೀರೆಂದರೆ ಕುದಿಯುವ ಎಸರು, ಬೇರೆ ಅರ್ಥವೇ ಇಲ್ಲ. ಮೈಸೂರಲ್ಲೋ ಮಂಗಳೂರಲ್ಲೋ ಮೊದಲ ಸಲ ಜೋಳದ ಹಿಟ್ಟು ಕೊಂಡವರಿಗೆ ಬಿಸಿ ನೀರೆಂದರೆ ಗೀಸರ್ ನೀರು. ಅವರ ಹಿಟ್ಟು ಕೂಡಿಕೊಳ್ಳಲಿಲ್ಲ, ರೊಟ್ಟಿ ಅಂಚಿನಿಂದ ಒಳಗಿನವರೆಗೆ ಸೀಳಿತು, ಹಂಚಿಗೆ ಹಾಕುವಷ್ಟರಲ್ಲಿ ತುಂಡಾಯಿತು. ಸಿಟ್ಟು ಕಾಮೆಂಟಿಗೆ ಬಂತು.

ಬಂದ ಕಾಮೆಂಟುಗಳು ಈ ಧಾಟಿಯವು. "ಮೂರು ಸಲ ಮಾಡಿದೆ, ಮೂರೂ ಸಲ ಹರಿಯಿತು, ಬರೀ ಸುಳ್ಳು." "ನೀರು ಕುದ್ದಿಲ್ಲ ಅಂದ್ರ ರೊಟ್ಟಿ ಆಗಂಗಿಲ್ಲ, ಗೊತ್ತಿಲ್ದೋರು ವಿಡಿಯೋ ಯಾಕ ಮಾಡ್ತೀರಿ?" "ಇದು ಕನ್ನಡಾನಾ? ಮೊದಲು ಭಾಷೆ ಕಲೀರಿ." "ನಮ್ಮವ್ವ ತಣ್ಣೀರಾಗೇ ಬಡಿತಿದ್ಲು, ಇವೆಲ್ಲ ಢೋಂಗ್." "ಕೈ ತೊಳೆದಿದ್ದು ಕಾಣಲಿಲ್ಲ, ಛೀ." ಇವುಗಳ ನಡುವೆ ಅಕ್ಕನ ಮೈಬಣ್ಣದ ಬಗ್ಗೆ, ಸೀರೆಯ ಬಗ್ಗೆ ನಾಲ್ಕಾರು ಮಾತು. ಅವನ್ನು ಇಲ್ಲಿ ಬರೆಯುವುದಿಲ್ಲ, ಎಂಥವೆಂದು ಎಲ್ಲರಿಗೂ ಗೊತ್ತು.

ಈಗ ಎರಡನೇ ವಿಡಿಯೋ ಮಾಡಬೇಕೇ, ಮಾಡಿದರೆ ಅದರಲ್ಲಿ ಏನಿರಬೇಕು? ಮೊದಲ ದಿನ ಇದನ್ನು ತೀರ್ಮಾನಿಸಬಾರದು. ಆವತ್ತು ಓದಿ, ಬರೆದಿಟ್ಟುಕೊಂಡರೆ ಸಾಕು. ಸಿಟ್ಟಿನಲ್ಲಿ ಕ್ಯಾಮೆರಾ ಮುಂದೆ ಕೂತವರ ದನಿ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ, ಎಷ್ಟು ಎಡಿಟ್ ಮಾಡಿದರೂ ಹೋಗುವುದಿಲ್ಲ. ಎರಡು ದಿನ ಬಿಟ್ಟರೆ ಇನ್ನೊಂದು ಲಾಭವೂ ಇದೆ. ಒಂದೇ ತಪ್ಪನ್ನು ಬೇರೆ ಬೇರೆ ಜನ ಬೇರೆ ಬೇರೆ ಮಾತಲ್ಲಿ ಹೇಳಿರುತ್ತಾರೆ, ಅದು ಆಗ ಕಣ್ಣಿಗೆ ಬೀಳುತ್ತದೆ.

ಬರೆದಿಟ್ಟುಕೊಳ್ಳಲು ಒಂದು ನೋಟುಬುಕ್ಕು, ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದು ವಿಡಿಯೋದಲ್ಲಿ ನಿಜಕ್ಕೂ ತಪ್ಪಿದ್ದು ಅಥವಾ ಬಿಟ್ಟುಹೋದದ್ದು. ಎರಡನೆಯದು ತಪ್ಪಲ್ಲದ, ಬೇರೆ ರೂಢಿ ಅಥವಾ ಅರ್ಥವಾಗದ ಮಾತು. ಮೂರನೆಯದು ಮನುಷ್ಯರ ಮೇಲಿನದು. ಬೈದವರ ಹೆಸರು ಬರೆಯಬಾರದು, ವಿಷಯ ಮಾತ್ರ. ಇಲ್ಲಿ ಬಹಳ ಜನ ಎಡವುವುದು ಇಡೀ ಕಾಮೆಂಟನ್ನು ಎತ್ತಿ ಒಂದೇ ಕಾಲಂಗೆ ಹಾಕುವುದರಲ್ಲಿ. "ನೀರು ಕುದ್ದಿಲ್ಲ ಅಂದ್ರ ರೊಟ್ಟಿ ಆಗಂಗಿಲ್ಲ, ಗೊತ್ತಿಲ್ದೋರು ವಿಡಿಯೋ ಯಾಕ ಮಾಡ್ತೀರಿ" ಎಂಬ ಮಾತನ್ನು ಅಲ್ಪವಿರಾಮದ ಹತ್ತಿರ ಕತ್ತರಿಸಬೇಕು. ಅದರ ಮೊದಲರ್ಧ ಹೊಸದಾಗಿ ಕಲಿಯುವವರ ಮಟ್ಟಿಗೆ ಅಪ್ಪಟ ಸತ್ಯ, ಈ ಇಡೀ ರಾಶಿಯಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು ಅದೇ. ಅದು ಮೊದಲ ಕಾಲಂಗೆ. ಉಳಿದರ್ಧ ಮೂರನೆಯದಕ್ಕೆ. "ಬರೀ ಸುಳ್ಳು" ಎಂದವರ ಕಾಮೆಂಟಿನಲ್ಲೂ ಮೂರು ಸಲ ಹರಿಯಿತು ಎಂಬ ವರದಿ ಇದೆ. ತಣ್ಣೀರಿನ ಮಾತು ಎರಡನೇ ಕಾಲಂನದು. ಹೊಸದಾಗಿ ಬೀಸಿದ ಹಿಟ್ಟಿದ್ದರೆ, ಕೈ ಪಳಗಿದ್ದರೆ, ತಣ್ಣೀರಲ್ಲೂ ರೊಟ್ಟಿ ಬಡಿಯುವವರಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ.

ಮೊದಲ ಕಾಲಂ ಖಾಲಿ ಉಳಿದರೆ ಎರಡನೇ ವಿಡಿಯೋ ಬೇಡ. ಇದು ಕಠಿಣ ಅನ್ನಿಸಬಹುದು, ಆದರೆ ಇದರಲ್ಲಿ ರಿಯಾಯಿತಿ ಇಟ್ಟುಕೊಳ್ಳಬಾರದು. "ಟ್ರೋಲ್ ಮಾಡಿದವರಿಗೆ ಉತ್ತರ" ಎಂಬ ವಿಡಿಯೋ ಮೂರನೇ ಕಾಲಂನಿಂದ ಮಾತ್ರ ಹುಟ್ಟುತ್ತದೆ. ಅದನ್ನು ನೋಡಲು ಬರುವವರು ರೊಟ್ಟಿ ಕಲಿಯುವವರಲ್ಲ, ಜಗಳ ನೋಡುವವರು. ಮುಂದಿನ ವಿಡಿಯೋದಲ್ಲೂ ಅವರು ಜಗಳವನ್ನೇ ಕೇಳುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮೊದಲ ಕಾಲಂನಲ್ಲಿ ಗಟ್ಟಿ ವಿಷಯವಿದೆ. ಗೋಧಿ ಹಿಟ್ಟಿನಲ್ಲಿ ನಾದಿದರೆ ಎಳೆ ಬರಿಸುವ ಅಂಟಿದೆ, ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದು ಅದರ ಪಿಷ್ಟ ಕುದಿಯುವ ನೀರಿಗೆ ಉಬ್ಬಿ ಜಿಗಿ ಬಿಟ್ಟಾಗ. ಉಗುರುಬೆಚ್ಚಗಿನ ನೀರಿಗೆ ಅದು ಉಬ್ಬುವುದಿಲ್ಲ, ಹಿಟ್ಟು ಒದ್ದೆ ಮಣ್ಣಿನಂತೆ ಉದುರುತ್ತದೆ. ಹಿಟ್ಟು ಹಳೆಯದಾಗಿದ್ದರೆ ಎಸರು ಹಾಕಿದರೂ ಜಿಗಿ ಕಡಿಮೆ. ಪ್ಯಾಕೆಟ್ಟಿನ ಹಿಟ್ಟು ಎಷ್ಟು ದಿನ ಅಂಗಡಿಯಲ್ಲಿತ್ತೋ ಯಾರಿಗೆ ಗೊತ್ತು, ಗಿರಣಿಯಲ್ಲಿ ಬೀಸಿಸಿ ಬಂದದ್ದರ ಮುಂದೆ ಅದು ನಿಲ್ಲುವುದಿಲ್ಲ. ಅಂದರೆ ಸೀಳಿದವರ ಮನೆಯಲ್ಲಿ ಎರಡು ಕಾರಣಗಳು ಕೂಡಿರಬಹುದು. ಮೊದಲ ವಿಡಿಯೋ ಎರಡನ್ನೂ ಹೇಳಿಲ್ಲ.

ಎರಡನೇ ವಿಡಿಯೋ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದು ಲೇಸು. ಮೂರು ತಟ್ಟೆ, ಮೂರರಲ್ಲೂ ಅದೇ ಬಟ್ಟಲಿನಿಂದ ಅಳೆದ ಒಂದೊಂದು ಬಟ್ಟಲು ಹಿಟ್ಟು. ಮೊದಲ ತಟ್ಟೆಗೆ ಹೊಸ ಹಿಟ್ಟು ಮತ್ತು ಬೆರಳಿಟ್ಟರೆ ತಾಳುವಷ್ಟು ಬಿಸಿಯ ನೀರು. ಎರಡನೆಯದಕ್ಕೆ ಅದೇ ಹೊಸ ಹಿಟ್ಟು, ಗುಳ್ಳೆ ಎದ್ದು ಕುದಿಯುವ ಎಸರು. ಮೂರನೆಯದಕ್ಕೆ ಎಸರೇ, ಆದರೆ ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಹಿಟ್ಟು. ನೀರು ಮುಕ್ಕಾಲು ಬಟ್ಟಲಿನಿಂದ ಶುರು ಮಾಡಿ ಹಿಟ್ಟು ಕೇಳಿದಷ್ಟು ಸ್ವಲ್ಪ ಸ್ವಲ್ಪ ಏರಿಸುವುದು. ಎಸರು ಹಾಕಿದ ಕೂಡಲೇ ಕೈ ಹಾಕದೆ ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಬೇಕು. ಇದನ್ನು ಹೇಳದಿದ್ದರೆ ಯಾರೋ ಕೈ ಸುಟ್ಟುಕೊಂಡು ಮೂರನೇ ವಿಡಿಯೋಕ್ಕೆ ದಾರಿ ಮಾಡುತ್ತಾರೆ. ಮೂರರಿಂದಲೂ ಒಂದೊಂದು ಉಂಡೆ ಕಟ್ಟಿ, ಕ್ಯಾಮೆರಾವನ್ನು ಒಂದು ಗೇಣು ಹತ್ತಿರ ತಂದು, ಹೆಬ್ಬೆರಳಿಂದ ಒತ್ತಬೇಕು. ಮೊದಲ ಉಂಡೆಯ ಅಂಚು ಬಿಸಿಲಿಗೆ ಒಡೆದ ಎರೆಮಣ್ಣಿನಂತೆ ಬಿರಿಯುತ್ತದೆ. ಎರಡನೆಯದು ಹೆಬ್ಬೆರಳಿನ ಗುರುತು ಹಿಡಿದುಕೊಂಡು ಅಂಚಲ್ಲಿ ನುಣ್ಣಗಿರುತ್ತದೆ. ಮೂರನೆಯದರಲ್ಲಿ ಸಣ್ಣ ಸಣ್ಣ ಬಿರುಕು. ಆಮೇಲೆ ಮೂರನ್ನೂ ಬಡಿದು ಹಂಚಿಗೆ. ಈ ಇಪ್ಪತ್ತು ಸೆಕೆಂಡಿನ ಹೆಬ್ಬೆರಳು "ಬರೀ ಸುಳ್ಳು" ಎಂದವರಿಗೂ ಉತ್ತರ, ಆದರೆ ಅವರ ಹೆಸರು ಎಲ್ಲೂ ಬಂದಿಲ್ಲ, ಅವರು ಎದ್ದು ವಾದ ಮಾಡಲು ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ.

ಶುರು ಹೇಗೆ ಮಾಡಬೇಕೆಂಬುದೇ ದೊಡ್ಡ ಪ್ರಶ್ನೆ. "ಹೋದ ವಿಡಿಯೋಕ್ಕ ಬಾಳ್ ಮಂದಿ ಏನೇನೋ ಅಂದ್ರು" ಎಂದು ಬಾಯಿ ತೆರೆದರೆ ಆಟ ಮುಗಿಯಿತು. ಆ ಕಾಮೆಂಟುಗಳನ್ನು ನೋಡದೇ ಇದ್ದವರು ಹಳೆ ವಿಡಿಯೋಕ್ಕೆ ಹೋಗಿ ಏನಂದಿದ್ದಾರೆ ಎಂದು ಹುಡುಕುತ್ತಾರೆ, ಅಂದವರು ತಮ್ಮ ಮಾತು ತಾಗಿತು ಎಂದು ಖುಷಿಪಡುತ್ತಾರೆ. ಅದರ ಬದಲು ತಪ್ಪಿನಿಂದಲೇ ಶುರು ಮಾಡಬಹುದು: "ಹೋದ ವಿಡಿಯೋದಾಗ ನಾ ಬಿಸಿ ನೀರು ಅಂದಿದ್ದೆ. ಅದು ಎಸರು ಅಂತ ಹೇಳ್ಬೇಕಿತ್ತು, ಬಿಟ್ಟೆ. ಅದರ ದೆಸಿಂದ ರೊಟ್ಟಿ ಸೀಳ್ತದ. ಯಾಕ ಸೀಳ್ತದ ನೋಡ್ರಿ." ಇಷ್ಟೇ. ಕ್ಷಮೆಯನ್ನು ಎಳೆಯಬಾರದು. ಎರಡು ನಿಮಿಷ ಕ್ಷಮೆ ಕೇಳುವ ವಿಡಿಯೋದಲ್ಲಿ ಜನ ಕ್ಷಮೆಯ ಗುಣಮಟ್ಟವನ್ನು ಅಳೆಯುತ್ತಾ ಕೂರುತ್ತಾರೆ, ಎಸರಿನ ಮಾತು ಕಿವಿಗೆ ಬೀಳುವುದಿಲ್ಲ. ತಣ್ಣೀರಿನವರಿಗೆ ನಡುವೆ ಒಂದು ಸಾಲು ಸಾಕು: "ಹೊಸಾ ಹಿಟ್ಟಿದ್ರ ತಣ್ಣೀರಾಗೂ ಬಡೀತಾರ, ಅದಕ್ಕ ಕೈ ಪಳಗಿರಬೇಕು. ಹೊಸದಾಗಿ ಕಲಿಯೋರು ಎಸರು ಹಾಕ್ರಿ." ಅವರ ಅವ್ವನಿಗೂ ಮರ್ಯಾದೆ ಉಳಿಯಿತು, ವಿಷಯವೂ ನೆಟ್ಟಗಾಯಿತು.

ಬರೆದ ಮಾತನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. "ಕೆಲವರು", "ಒಬ್ಬರು", "ಅಂಥವರಿಗೆ", "ಯಾರ್ಯಾರೋ" ಎಂಬ ಪದ ಇರುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಉಳಿದದ್ದನ್ನು ಓದಿ. ವಿಡಿಯೋ ಹಾಗೇ ನಿಂತರೆ ಆ ಸಾಲುಗಳು ಬೇಕಿರಲೇ ಇಲ್ಲ. ಕುಸಿದುಬಿದ್ದರೆ ಅದು ರೊಟ್ಟಿಯ ವಿಡಿಯೋ ಆಗಿರಲಿಲ್ಲ ಎಂದರ್ಥ. ಕಾಮೆಂಟಿನ ಸ್ಕ್ರೀನ್‌ಶಾಟ್ ತೋರಿಸುವುದು ಇನ್ನೂ ಅಪಾಯ. ಹೆಸರು, ಫೋಟೊ ಕಂಡರೆ ನಮ್ಮ ಕಡೆಯ ಅಭಿಮಾನಿಗಳೇ ಅವರ ಮೇಲೆ ಮುಗಿಬೀಳುತ್ತಾರೆ, ಆಮೇಲೆ ಟ್ರೋಲ್ ಮಾಡಿದವರು ನಾವಾಗುತ್ತೇವೆ. ಶೀರ್ಷಿಕೆಗೂ ತಂಬ್‌ನೇಲಿಗೂ ಇದೇ ಮಾತು. "ಜೋಳದ ರೊಟ್ಟಿ ಅಂಚು ಯಾಕ ಸೀಳ್ತದ?" ಎಂದಿಟ್ಟರೆ ಎರಡು ವರ್ಷದ ನಂತರವೂ ರೊಟ್ಟಿ ಹರಿದವರು ಹುಡುಕಿಕೊಂಡು ಬರುತ್ತಾರೆ.

ಭಾಷೆಯ ಮೇಲಿನ ಗೇಲಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇದು ಅಡುಗೆಯಾಗಲಿ ಒಕ್ಕಲುತನವಾಗಲಿ ಬಿಡದ ಕಾಟ. "ಮಾಡ್ಲತ್ತೀನಿ", "ಬರ್ಲತ್ತಾರ" ಎಂದರೆ ನಗುವವರು ಇದ್ದೇ ಇರುತ್ತಾರೆ. ಇದಕ್ಕೆ ಎರಡು ಸೋಲುವ ದಾರಿಗಳಿವೆ. ಒಂದು, ಎರಡನೇ ವಿಡಿಯೋದಲ್ಲಿ ಪಠ್ಯಪುಸ್ತಕದ ಕನ್ನಡಕ್ಕೆ ಜಿಗಿಯುವುದು. ಕೈ ರೊಟ್ಟಿ ಬಡಿಯುತ್ತಿರುತ್ತದೆ, ಬಾಯಿ ವಾರ್ತೆ ಓದುತ್ತಿರುತ್ತದೆ, ಮೊದಲಿನಿಂದ ನೋಡುತ್ತಿದ್ದವರಿಗೇ ಪರಕೀಯ. ಇನ್ನೊಂದು, ನಮ್ಮ ಭಾಷೆಯ ಹಿರಿಮೆಯ ಮೇಲೆ ಮೂರು ನಿಮಿಷ ಭಾಷಣ ಮಾಡುವುದು. ಮಾತು ನಿಜವೇ ಇರಬಹುದು, ಆದರೆ ಆ ಭಾಷಣದ ಕೆಳಗೆ ಉತ್ತರ-ದಕ್ಷಿಣದ ಯುದ್ಧ ಶುರುವಾಗಿ ರೊಟ್ಟಿ ತಣ್ಣಗಾಗುತ್ತದೆ.

ಮೂರನೇ ದಾರಿ ಸಪ್ಪಗಿದೆ, ಕೆಲಸ ಮಾಡುವುದು ಅದೇ. ಮಾತು ಹಾಗೇ ಇರಲಿ, ತೆರೆಯ ಕೆಳಗೆ ಕನ್ನಡದಲ್ಲೇ ಅಡಿಬರಹ ಹಾಕಿ. ಅಕ್ಕ "ಎಸರು" ಎಂದಾಗ ಮೂಲೆಯಲ್ಲಿ "ಎಸರು: ಗುಳ್ಳೆ ಬಂದು ಕುದಿಯುವ ನೀರು" ಎಂದು ಮೂರು ಸೆಕೆಂಡು. "ಜಿಗಿ" ಎಂದಾಗ "ಜಿಗಿ: ಹಿಟ್ಟಿನ ಅಂಟು". ಹೀಗೆ ಇಡೀ ವಿಡಿಯೋದಲ್ಲಿ ಐದಾರು ಪದ. ಗೇಲಿ ಮಾಡಿದವರಲ್ಲಿ ಒಂದಷ್ಟು ಜನಕ್ಕೆ ನಿಜಕ್ಕೂ ಅರ್ಥವಾಗಿರಲಿಲ್ಲ, ಅವರಿಗೆ ಇದು ಸಿಕ್ಕಿತು. ಬರೀ ಗೇಲಿಗೆ ಬಂದವರಿಗೆ ಗೇಲಿ ಮುಟ್ಟಿದ ಸುಳಿವೇ ಸಿಗಲಿಲ್ಲ. ಕೈ ತೊಳೆಯದ ಮಾತಿಗೂ ಇದೇ ಉಪಾಯ. ಎರಡನೇ ವಿಡಿಯೋದ ಶುರುವಿಗೆ ನಲ್ಲಿ ಕೆಳಗೆ ಕೈ ತೊಳೆಯುವ ಎರಡು ಸೆಕೆಂಡು ಹಾಕಿ. ಅದರ ಮೇಲೆ ಒಂದು ಮಾತೂ ಬೇಡ, ಅಣಕದ ಸಂಗೀತವಂತೂ ಬೇಡವೇ ಬೇಡ.

ಇನ್ನು ಕಾಮೆಂಟಿನ ಒಳಗಿನ ಉತ್ತರ. ಒಂದು ಕಾಮೆಂಟಿಗೆ ಒಂದೇ ಉತ್ತರ, ಅದೂ ಮೊದಲೆರಡು ಕಾಲಂನವುಗಳಿಗೆ ಮಾತ್ರ. "ಮೂರು ಸಲ ಹರಿಯಿತು" ಎಂದವರಿಗೆ: "ನೀರಿನ ದೆಸಿಂದ ಹರಿದಿರಬೇಕ್ರಿ. ಗುಳ್ಳಿ ಏಳೋ ನೀರು ಹಾಕಿ ನೋಡ್ರಿ, ಹೊಸಾ ವಿಡಿಯೋದಾಗ 1:40ಕ್ಕ ತೋರ್ಸೀನಿ." ಅವರು ಮತ್ತೆ ಬಂದು "ಅದೂ ಸುಳ್ಳು" ಎಂದರೆ ಅಲ್ಲಿಗೆ ಬಿಡುವುದು. "ಎಸರಲ್ಲೂ ಹರಿಯಿತು, ಪ್ಯಾಕೆಟ್ ಹಿಟ್ಟು" ಎಂದರೆ ಅದು ಹೊಸ ಮಾಹಿತಿ, ಆಗ ಇನ್ನೊಂದು ಉತ್ತರ ನ್ಯಾಯ. ಹೆಚ್ಚು ಲೈಕು, ಹೆಚ್ಚು ಉತ್ತರ ಬಿದ್ದ ಕಾಮೆಂಟು ಮೇಲಕ್ಕೆ ಬರುತ್ತದೆ, ಆದ್ದರಿಂದ ಬೈಗುಳಕ್ಕೆ ಕೊಟ್ಟ ಪ್ರತಿ ಉತ್ತರವೂ ಆ ಬೈಗುಳವನ್ನು ಹೊಸಬರ ಕಣ್ಣಿಗೆ ಹತ್ತಿರ ತರುತ್ತದೆ. ಇಲ್ಲಿ ಅಕ್ಕನಿಗಿಂತ ಅಕ್ಕನ ತಮ್ಮಂದಿರೇ ದೊಡ್ಡ ತಲೆನೋವು. ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿ "ಇವ್ನಿಗಿ ಬಿಡ್ಬ್ಯಾಡ್ರಿ" ಎಂದು ಇಡೀ ಬಳಗ ಇಳಿದರೆ ನಾಲ್ಕು ಬೈಗುಳ ನಲವತ್ತಾಗುತ್ತವೆ. ಬಳಗಕ್ಕೆ ಮೊದಲೇ ಹೇಳಿಡಬೇಕು. ಅವರ ಪ್ರತಿ-ಬೈಗುಳಕ್ಕೆ ಚಾನೆಲಿನಿಂದ ಹಾರ್ಟ್ ಒತ್ತುವುದಂತೂ ಕೂಡದು. ಅದು ಎಲ್ಲರಿಗೂ ಕಾಣುತ್ತದೆ, ಚಾನೆಲೇ ಬೈದಂತೆ ಲೆಕ್ಕ.

ಹಳೆಯ ವಿಡಿಯೋ ಹಾಗೇ ಉಳಿದಿದ್ದರೆ ಅದೇ ತಪ್ಪು ಅದೇ ಸಿಟ್ಟನ್ನು ಮತ್ತೆ ಹುಟ್ಟಿಸುತ್ತಿರುತ್ತದೆ. ಯೂಟ್ಯೂಬಿನಲ್ಲಿ ಹಾಕಿದ ಫೈಲನ್ನು ಅದೇ ಲಿಂಕಿನಲ್ಲಿ ಬದಲಿಸಲು ಬರುವುದಿಲ್ಲ, ಆದರೆ ಸ್ಟುಡಿಯೋ ಎಡಿಟರಿನಲ್ಲಿ ಬೇಡದ ತುಂಡು ಕತ್ತರಿಸಲು ಬರುತ್ತದೆ. ಇಲ್ಲಿ ಕತ್ತರಿಸಿದರೆ ನೀರು ಹಾಕುವ ಹಂತವೇ ಹೋಗುತ್ತದೆ, ಹಾಗಾಗಿ ವಿವರಣೆಯಲ್ಲಿ ತಿದ್ದುಪಡಿ ಬರೆಯುವುದು ಒಳ್ಳೆಯದು. ಮೊದಲ ಪದ ಇಂಗ್ಲಿಷಿನಲ್ಲೇ ಇರಬೇಕು, ಸಮಯ ಮತ್ತು ಮಾತು ಮುಂದಿನ ಸಾಲಿನಲ್ಲಿ. ಚಾಪ್ಟರ್ ಇದ್ದರೆ ಅವುಗಳ ಕೆಳಗೆ.

```
Correction:
2:10 ಬಿಸಿ ನೀರಲ್ಲ, ಗುಳ್ಳೆ ಬಂದು ಕುದಿಯುವ ನೀರು ಹಾಕಬೇಕು
```

ಹೀಗೆ ಬರೆದರೆ ಆ ಸಮಯಕ್ಕೆ ವಿಡಿಯೋದ ಮೂಲೆಯಲ್ಲಿ ತಿದ್ದುಪಡಿಯ ಕಾರ್ಡ್ ಮೂಡುತ್ತದೆ. ಅದೇ ಮಾತನ್ನು ಹೊಸ ವಿಡಿಯೋದ ಲಿಂಕ್ ಜೊತೆ ಕಾಮೆಂಟಾಗಿ ಬರೆದು ಪಿನ್ ಮಾಡಿ. ಪಿನ್ ಒಂದಕ್ಕೇ ಜಾಗ, ಅದನ್ನು "ದಯವಿಟ್ಟು ಕೆಟ್ಟ ಕಾಮೆಂಟ್ ಹಾಕಬೇಡಿ" ಎಂಬ ಬೇಡಿಕೆಗೆ ಸುರಿಯಬೇಡಿ. ಅದನ್ನು ಓದಿ ಯಾರೂ ನಿಲ್ಲಿಸಿದ್ದಿಲ್ಲ.

ಮೂರನೇ ಕಾಲಂನವಕ್ಕೆ ಉತ್ತರವಿಲ್ಲ, ಕೆಲಸವಿದೆ. ಮೈಬಣ್ಣ, ಜಾತಿ, ಸೀರೆ ಎಂದು ಬರುವವರನ್ನು `Hide user from channel` ಒತ್ತಿ ಮರೆಮಾಡಬಹುದು. ಅವರಿಗೆ ಸೂಚನೆ ಹೋಗುವುದಿಲ್ಲ, ಅವರ ಮಾತು ಬೇರೆಯವರಿಗೆ ಕಾಣುವುದಿಲ್ಲ. ಬರೀ ಕಾಮೆಂಟ್ ಅಳಿಸಿದರೆ ಅದು ಕಾಣೆಯಾದದ್ದನ್ನು ಕಂಡು ಇನ್ನಷ್ಟು ಹುರುಪಿನಿಂದ ಮರಳುತ್ತಾರೆ. ಸ್ಟುಡಿಯೋ ಸೆಟ್ಟಿಂಗಿನ `Blocked words` ಪಟ್ಟಿಗೆ ಬೈಗುಳಗಳನ್ನು ಸೇರಿಸಿದರೆ ಅವಿರುವ ಕಾಮೆಂಟುಗಳು `Held for review` ಎಂಬಲ್ಲಿ ನಿಲ್ಲುತ್ತವೆ, ಅಲ್ಲಿ 60 ದಿನದವರೆಗೆ ಇರುತ್ತವೆ. ನಮ್ಮ ಕಡೆ ಒಂದೇ ಬೈಗುಳವನ್ನು ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ದಖನಿ ಉರ್ದುವಿನಲ್ಲಿ, ಬೀದರ್ ಗಡಿಯಿಂದ ಮರಾಠಿ, ತೆಲುಗಿನಲ್ಲೂ ಬರೆಯುತ್ತಾರೆ. ಹಾಗಾಗಿ ಒಂದು ಪದಕ್ಕೆ ಆರೇಳು ಕಾಗುಣಿತ ಸೇರಿಸಬೇಕಾಗುತ್ತದೆ. ಆದರೆ "ಸುಳ್ಳು", "ತಪ್ಪು", "ಹರಿಯಿತು" ಎಂಬಂಥವನ್ನು ಸೇರಿಸಬಾರದು. ಸೇರಿಸಿದರೆ ಮೊದಲ ಕಾಲಂಗೆ ಬರಬೇಕಾದ ಮಾತೇ ತಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಸರಿನ ತಪ್ಪು ನಮಗೆ ಗೊತ್ತೇ ಆಗುವುದಿಲ್ಲ.

ಕೆಲವೊಮ್ಮೆ ಯಾವುದೋ ಟ್ರೋಲ್ ಪೇಜು ವಿಡಿಯೋದ ಹತ್ತು ಸೆಕೆಂಡು ಕತ್ತರಿಸಿ ಹಾಕಿ ಜನರ ಪ್ರವಾಹ ಬರುತ್ತದೆ. ಇದು ಬೇರೆ ರೋಗ. ಕಾಮೆಂಟುಗಳೆಲ್ಲ ಒಂದೇ ಮಾತನ್ನು ಹಿಡಿದಿರುತ್ತವೆ, ಆ ತುಣುಕಿನ ಆಚೆಗಿನ ಯಾವುದನ್ನೂ ಯಾರೂ ಹೇಳುವುದಿಲ್ಲ, ಅನಾಲಿಟಿಕ್ಸಿನಲ್ಲಿ ಹೊರಗಿನಿಂದ ಬಂದವರ ಪಾಲು ಏರಿ ನೋಡಿದ ಸರಾಸರಿ ಸಮಯ ಇಳಿದಿರುತ್ತದೆ. ಆಗ ಆ ವಿಡಿಯೋದ ಕಾಮೆಂಟುಗಳನ್ನು ಕೆಲವು ದಿನ ತಡೆಹಿಡಿಯುವುದು ಸರಿ. ಪೂರ್ತಿ ಮುಚ್ಚಿದರೆ ಹಳೆಯ ಒಳ್ಳೆಯ ಪ್ರಶ್ನೆಗಳೂ ಮರೆಯಾಗುತ್ತವೆ, `Pause` ಇಟ್ಟರೆ ಹಳೆಯವು ಉಳಿದು ಹೊಸವು ಮಾತ್ರ ನಿಲ್ಲುತ್ತವೆ. ಎರಡನೇ ವಿಡಿಯೋ ಸಿದ್ಧವಿದ್ದರೂ ಆ ಪ್ರವಾಹ ಇಳಿಯುವ ತನಕ ಹಾಕಬಾರದು. ಬೆದರಿಕೆ, ಅಶ್ಲೀಲ, ಮನೆ ವಿಳಾಸ ಹಾಕುವುದು ಇಂಥವು ಬಂದರೆ ಅದು ಟ್ರೋಲ್ ಅಲ್ಲ, ಅಪರಾಧ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು, ಕಾಮೆಂಟಿನ ಸಮಯದ ಮೇಲೆ ಒತ್ತಿ ಅದರ ಲಿಂಕ್ ಉಳಿಸಿ, `cybercrime.gov.in`ನಲ್ಲಿ ಅಥವಾ ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲಿ ದೂರು ಕೊಡಬೇಕು. ಅದರ ಬಗ್ಗೆ ವಿಡಿಯೋ ಬೇಡ.

ಎರಡನೇ ವಿಡಿಯೋ ಸರಿಯಾಗಿ ಬಂದಿದೆಯೇ ಎಂದು ಅದರ ಕಾಮೆಂಟುಗಳೇ ಹೇಳುತ್ತವೆ. "ಸಜ್ಜಿ ರೊಟ್ಟಿಗೂ ಎಸರೇ ಬೇಕಾ?", "ಗ್ಯಾಸಿನ ಮೇಲೆ ಹಂಚು ಎಷ್ಟು ಕಾಯಬೇಕು?" ಎಂಬಂಥವು ಬರುತ್ತಿದ್ದರೆ ಸರಿ. "ಸರಿಯಾಗಿ ಕೊಟ್ರಿ ಅಕ್ಕಾ, ಬಾಯಿ ಮುಚ್ಚಿಸಿದ್ರಿ" ಎಂಬ ಹೊಗಳಿಕೆಯೇ ತುಂಬಿದ್ದರೆ ಎಲ್ಲೋ ಒಂದು ಚುಚ್ಚುಮಾತು ಎಡಿಟ್ ದಾಟಿ ಉಳಿದಿದೆ, ಮತ್ತೊಮ್ಮೆ ನೋಡಿ ಹುಡುಕಿ ಆ ತುಂಡನ್ನು ಸ್ಟುಡಿಯೋದಲ್ಲಿ ಕತ್ತರಿಸಬಹುದು. ಸಜ್ಜಿ ರೊಟ್ಟಿಯ ಪ್ರಶ್ನೆಯನ್ನು ಮಾತ್ರ ನೋಟುಬುಕ್ಕಿನಲ್ಲಿ ಬರೆದಿಡಿ. ಎಳ್ಳಮಾವಾಸ್ಯೆಗೆ ಮುಂಚೆ ಭಜ್ಜಿ ಪಲ್ಯದ ಜೊತೆ ಅದನ್ನೂ ಕೇಳಿಕೊಂಡು ಬರುವವರು ಬಹಳ.